ಲೆಕ್ಕದ ಹೊತ್ತನ್ನು ನಿದ್ದೆಯಿಂದ ಕದಿಯಬೇಡಿ

ಬೇಗಂ ಬಜಾರಿನ ಸಗಟು ಅಂಗಡಿಗಳಲ್ಲಿ ಮ್ಯಾನೇಜರ್ ಆಗಿ ದುಡಿಯುವ ಬೀದರ್, ಕಲಬುರಗಿ, ರಾಯಚೂರು ಕಡೆಯ ನಮ್ಮವರಿಗೂ ಅವರ ಮನೆಯವರಿಗೂ ಈ ಮಾತು.

ಬಿಪಿ ಏರಿದೆ ಎಂದು ಬಂದವರನ್ನು ನಾನು ಕೇಳುವ ಪ್ರಶ್ನೆಗಳಲ್ಲಿ ಒಂದು, "ರಾತ್ರಿ ಎಷ್ಟಕ್ಕೆ ಮಲಗುತ್ತೀರಿ?" ಮ್ಯಾನೇಜರ್‌ಗಳ ಉತ್ತರ ಹೆಚ್ಚುಕಡಿಮೆ ಒಂದೇ: "ಹಗಲು ಯಾರು ಬಿಡ್ತಾರ್ರೀ ಸರ್? ಗಿರಾಕಿ, ಹಮಾಲರು, ಫೋನು, ಸೇಠ್ ಕರೆದಾಗೆಲ್ಲ ಮೀಟಿಂಗು. ಲೆಕ್ಕ ನೋಡೋದು ರಾತ್ರಿ ಊಟ ಆದ್ಮ್ಯಾಲೇ."

ನನ್ನ ತಕರಾರು ಇರುವುದು ಇಲ್ಲೇ. ನಿದ್ದೆಯಲ್ಲಿ ನಮ್ಮ ರಕ್ತದೊತ್ತಡ ಹಗಲಿಗಿಂತ ಸುಮಾರು 10ರಿಂದ 20 ಶೇಕಡ ಇಳಿಯಬೇಕು. ಹೃದಯಕ್ಕೆ, ರಕ್ತನಾಳಗಳಿಗೆ ಸಿಗುವ ವಿಶ್ರಾಂತಿ ಅದೇ. ಎಚ್ಚರವಿದ್ದಷ್ಟು ಹೊತ್ತು ಆ ಇಳಿತ ಸಿಗುವುದಿಲ್ಲ. ಅಮೆರಿಕನ್ ಹಾರ್ಟ್ ಅಸೋಸಿಯೇಷನ್ 2022ರಲ್ಲಿ ಹೃದಯದ ಆರೋಗ್ಯದ ಅಳತೆಗಳ ಪಟ್ಟಿಗೆ ನಿದ್ದೆಯನ್ನೂ ಸೇರಿಸಿತು; ದೊಡ್ಡವರಿಗೆ ದಿನಕ್ಕೆ 7ರಿಂದ 9 ಗಂಟೆ. ಆದ್ದರಿಂದ ಲೆಕ್ಕದ ಹೊತ್ತು ಅಂಗಡಿಯ ಹಗಲಿನಿಂದಲೇ ಬರಬೇಕು. ಅದನ್ನು ಕೊಡಬೇಕಾದವರು ಸೇಠ್.

ಒಂದು ಉದಾಹರಣೆ ನೋಡೋಣ. ಡ್ರೈಫ್ರೂಟ್ ಅಂಗಡಿಯ ಮ್ಯಾನೇಜರ್ ಒಬ್ಬರು ಪ್ರತಿ ತಿಂಗಳು ಖರೀದಿ ಬಿಲ್ಲುಗಳನ್ನು ಜಿಎಸ್‌ಟಿ ಪೋರ್ಟಲ್‌ನ GSTR-2B ಜೊತೆ ತಾಳೆ ನೋಡಬೇಕು. ಅದು ಸಿಗುವುದು 14ಕ್ಕೆ. ತಿಂಗಳಿಗೊಮ್ಮೆ GSTR-3B ಸಲ್ಲಿಸುವವರಿಗೆ ಗಡುವು 20. ಒಂದು ಬಿಲ್ ಕಣ್ತಪ್ಪಿದರೆ ಆ ತಿಂಗಳ ತೆರಿಗೆ ಕ್ರೆಡಿಟ್ ಕೈಬಿಟ್ಟು ಹೋಗಬಹುದು. ಕೆಲಸ ಸುಮಾರು ಆರು ಗಂಟೆಯದು ಎಂದುಕೊಳ್ಳಿ. ದಿನಕ್ಕೆ ಒಂದೂವರೆ ಗಂಟೆಯಂತೆ 15ರಿಂದ 18ರವರೆಗೆ ನಾಲ್ಕು ದಿನ ಕೂತರೆ ಮುಗಿಯುತ್ತದೆ. ನಡುವೆ ಭಾನುವಾರ ಬಂದರೆ 19 ಕೈಯಲ್ಲಿರುತ್ತದೆ.

ಆ ಒಂದೂವರೆ ಗಂಟೆ ಎಲ್ಲಿಂದ ಬರಬೇಕು? ಮೊದಲು ಮೂರು ದಿನ ಒಂದು ಚೀಟಿ ಇಟ್ಟುಕೊಳ್ಳಿ. ಯಾರಾದರೂ ಕರೆದಾಗಲೆಲ್ಲ ಗಂಟೆ, ಕರೆದವರು, ಕಾರಣ ಬರೆಯಿರಿ. ಪಕ್ಕದಲ್ಲಿ "ಕಾಯಬಹುದಿತ್ತೇ?" ಎಂಬುದಕ್ಕೆ ಹೌದು ಅಥವಾ ಇಲ್ಲ. ಯಾವ ಹೊತ್ತಿನಲ್ಲಿ ಕರೆ ಕಡಿಮೆ ಎಂಬುದು ಆ ಚೀಟಿಯಲ್ಲೇ ಕಾಣುತ್ತದೆ. ಅದನ್ನು ಸೇಠ್ ಮುಂದಿಟ್ಟು ಎರಡೇ ಮಾತು ಕೇಳಿ: ಆ ಹೊತ್ತು ಲೆಕ್ಕಕ್ಕೆ ಮೀಸಲು, ದಿನದ ಬಿಡಿ ಮೀಟಿಂಗುಗಳ ಬದಲು ಸಂಜೆ ನಿಗದಿತ ಹೊತ್ತಿಗೆ ಒಂದೇ ಸಲ ಕೂತು ಮಾತು.

ಗಲ್ಲಾಪೆಟ್ಟಿಗೆಯ ಪಕ್ಕ ಕೂತು ಇದು ಆಗುವುದಿಲ್ಲ. ಗೋದಾಮಿನ ಮೂಲೆಯಾದರೂ ಸರಿ, ಗಿರಾಕಿಯ ಕಣ್ಣಿಗೆ ಬೀಳದ ಜಾಗ ಬೇಕು. ಕೆಳಗೆ ಒಬ್ಬ ಹುಡುಗನ ಕೈಗೆ ನೋಟ್‌ಬುಕ್ ಕೊಡಿ. ಬಂದ ಪ್ರಶ್ನೆಗಳನ್ನೆಲ್ಲ ಅವನು ಬರೆದಿಡಲಿ, ಇಳಿದು ಬಂದ ಕೂಡಲೇ ನೀವು ಒಂದೊಂದಕ್ಕೂ ಉತ್ತರ ಕೊಡಿ. ಇದನ್ನು ಒಂದು ದಿನ ತಪ್ಪಿಸಿದರೂ ಮರುದಿನ ಎಲ್ಲರೂ ಮೆಟ್ಟಿಲು ಹತ್ತಿ ಬರುತ್ತಾರೆ. ಯಾರಿಗಾದರೂ ಪೆಟ್ಟಾದರೆ, ತೂಕದಲ್ಲಿ ಜಗಳವಾಗಿ ಲಾರಿ ನಿಂತರೆ ಮಾತ್ರ ನಿಮ್ಮನ್ನು ಎಬ್ಬಿಸಬೇಕು.

ಊರಿನಿಂದ ಅವ್ವನ ಫೋನ್ ಬಂದರೆ ಎಂಬ ಚಿಂತೆ ಬೇಡ. ಆಂಡ್ರಾಯ್ಡ್ ಫೋನಿನ Do Not Disturb ಸೆಟ್ಟಿಂಗ್‌ನಲ್ಲಿ Repeat callers ಆನ್ ಮಾಡಿದರೆ, ಅದೇ ನಂಬರಿನಿಂದ 15 ನಿಮಿಷದೊಳಗೆ ಎರಡನೇ ಸಲ ಬಂದ ಕರೆ ರಿಂಗ್ ಆಗುತ್ತದೆ. ಮನೆಯವರಿಗೆ "ತುರ್ತಿದ್ದರೆ ಎರಡು ಸಲ ಮಾಡಿ" ಎಂದು ಹೇಳಿಟ್ಟರೆ ಸಾಕು.

ಇಷ್ಟಾದರೂ ನಡುವೆ ಏಳಬೇಕಾಗುತ್ತದೆ. ಆಗ ಏಳುವ ಮುನ್ನ ಒಂದೇ ಸಾಲು ಬರೆಯಿರಿ: "ಬಾದಾಮಿ ಬಿಲ್ಲುಗಳು ಮುಗಿದವು, ಮುಂದೆ ಗೋಡಂಬಿ." ಸೋಫಿ ಲೆರಾಯ್ ಎಂಬ ಸಂಶೋಧಕಿ 2009ರಲ್ಲಿ ತೋರಿಸಿದ್ದು ಇದು: ಅರ್ಧಕ್ಕೆ ಬಿಟ್ಟ ಕೆಲಸ ತಲೆಯಲ್ಲೇ ಅಂಟಿಕೊಂಡು, ಮುಂದಿನ ಕೆಲಸವನ್ನೂ ಕೆಡಿಸುತ್ತದೆ. ಎಲ್ಲಿಂದ ಮತ್ತೆ ಹಿಡಿಯಬೇಕೆಂದು ಬರೆದಿಟ್ಟು ಎದ್ದರೆ ಆ ಅಂಟು ಕಡಿಮೆ ಎಂದು ಆಕೆಯ ಮುಂದಿನ ಸಂಶೋಧನೆ ಹೇಳಿತು.

ದೀಪಾವಳಿ, ರಂಜಾನ್ ಸೀಸನ್ನಿನಲ್ಲಿ ಒಂದೂವರೆ ಗಂಟೆ ಸಿಗದು. ಅರ್ಧ ಗಂಟೆಗೆ ಇಳಿಸಿ, ಪೂರ್ತಿ ಬಿಡಬೇಡಿ. ವ್ಯವಸ್ಥೆ ಕುಸಿದಿದೆ ಎಂಬುದರ ಗುರುತು ಸರಳ: ಬಿಲ್ಲಿನ ಕಟ್ಟು ಮತ್ತೆ ಚೀಲದಲ್ಲಿ ಮನೆಗೆ ಬರತೊಡಗುತ್ತದೆ. ಅದು ಮೊದಲು ಕಾಣುವುದು ಮನೆಯವರಿಗೆ. ಕಂಡ ದಿನವೇ ಹೇಳಿ.

ಇದು ಬಿಪಿ ಮಾತ್ರೆಗೆ ಬದಲಿ ಅಲ್ಲ, ಮಾತ್ರೆ ನಿಲ್ಲಿಸಬೇಡಿ. ಇನ್ನು, ಲೆಕ್ಕಕ್ಕೆ ಕೂತಾಗ ಎದೆ ಹಿಂಡಿದಂತಾಗಿ, ಬೆವರು ಬಂದು, ನೋವು ಕೈಗೋ ದವಡೆಗೋ ಹರಿದರೆ ಬಿಲ್ಲು ಅಲ್ಲೇ ಬಿಟ್ಟು 108ಕ್ಕೆ ಕರೆ ಮಾಡಿ. ಅದು ನೋಟ್‌ಬುಕ್ಕಿನಲ್ಲಿ ಬರೆದಿಡುವ ವಿಷಯವಲ್ಲ.

ನಿಮ್ಮ ಪರಿಚಯದ ಅಂಗಡಿ ಮ್ಯಾನೇಜರ್‌ಗಳಿಗೂ, ಅವರ ಸೇಠ್‌ಗಳಿಗೂ ಇದನ್ನು ಕಳಿಸಿ.