ಟಾಪ್‌ಅಪ್ ದುಡ್ಡು ತಿನ್ನೋ ಕಾಲರ್ ಟ್ಯೂನ್: ಬಂದ್ ಮಾಡೋದು ಹೇಗೆ?

ಅಂಗಡಿಯವರೊಬ್ಬರು 50 ರೂಪಾಯಿ ಟಾಪ್‌ಅಪ್ ಹಾಕಿಸುತ್ತಾರೆ. ಯಾರಿಗೂ ಕರೆ ಮಾಡದಿದ್ದರೂ ಮರುದಿನ ಬ್ಯಾಲೆನ್ಸ್ ಕಡಿಮೆ! ಎಂದೋ ಬಟನ್ ಒತ್ತಿ ಶುರುವಾದ ಕಾಲರ್ ಟ್ಯೂನ್ ಅಥವಾ ಜ್ಯೋತಿಷ್ಯ, ಕ್ರಿಕೆಟ್ ಮೆಸೇಜ್ ಸೇವೆ ಅವಧಿ ಮುಗಿದಾಗ ತಾನಾಗಿಯೇ ಮುಂದುವರಿದು ಹಣ ಮುರಿದುಕೊಂಡಿರುತ್ತದೆ. ಬ್ಯಾಲೆನ್ಸ್ ಖಾಲಿ ಇದ್ದಾಗ ಸುಮ್ಮನಿದ್ದು, ದುಡ್ಡು ಬಿದ್ದ ಮೇಲೆ ಕಡಿತ ಮಾಡುವುದೂ ಉಂಟು.

ಗ್ರಾಹಕರಿಂದ ಎರಡನೇ ಸಲ ಒಪ್ಪಿಗೆ ಪಡೆಯದೆ ಇಂಥ ಸೇವೆ ಶುರು ಮಾಡುವಂತಿಲ್ಲ ಎನ್ನುವುದು ಟ್ರಾಯ್ ನಿಯಮ.

ಬಂದ್ ಮಾಡಲು ಅದೇ ಸಿಮ್‌ನಿಂದ 155223ಕ್ಕೆ ಉಚಿತ ಕರೆ ಮಾಡಿ, ಇಲ್ಲವೇ STOP ಎಂದು ಮೆಸೇಜ್ ಕಳಿಸಿ. ಬಂದ್ ಆಗಿದೆ ಎಂಬ ಉತ್ತರವನ್ನು ಅಳಿಸಬೇಡಿ. ಹಣ ಕಡಿತವಾದ 24 ಗಂಟೆಯೊಳಗೇ ಹೇಳಿದರೆ ವಾಪಸ್ ಕೇಳಲು ಅವಕಾಶವಿದೆ. ಆಮೇಲೂ ಕಡಿತವಾದರೆ 198ಕ್ಕೆ ದೂರು ಕೊಟ್ಟು, ದೂರಿನ ನಂಬರ್ ಬರೆದಿಟ್ಟುಕೊಳ್ಳಿ.