ವಜಾ ಎಣಿಸಿದ್ದು ಸಾಕು, ನೇಮಕಾತಿ ಎಣಿಸಿ

ಎಐನಿಂದಾಗಿ ಉದ್ಯೋಗಗಳಿಗೆ ಏನಾಗಲಿದೆ ಎಂದು ತಿಳಿಯಲು ರಾಜ್ಯ ಸರ್ಕಾರ ಐಟಿ ಕಂಪನಿಗಳ ಸಮೀಕ್ಷೆಗೆ ಕೈಹಾಕಿದೆ. ಒಳ್ಳೆಯದೇ. ಆದರೆ ‘ನಿಮ್ಮಲ್ಲಿ ಎಷ್ಟು ಜನರನ್ನು ತೆಗೆಯುತ್ತೀರಿ’ ಎಂದು ಕೇಳಿದರೆ ಯಾವ ಕಂಪನಿಯೂ ನಿಜ ಹೇಳುವುದಿಲ್ಲ. ಹೇಳಿದರೂ ಅದರಿಂದ ಹೆಚ್ಚೇನೂ ತಿಳಿಯುವುದಿಲ್ಲ. ಯಂತ್ರ ಬಂದಾಗ ನಮ್ಮ ದೇಶದಲ್ಲಿ ಕೆಲಸ ಕರಗುವುದು ವಜಾದಿಂದಲ್ಲ, ಹೊಸಬರನ್ನು ತೆಗೆದುಕೊಳ್ಳುವುದನ್ನು ಸದ್ದಿಲ್ಲದೆ ನಿಲ್ಲಿಸುವುದರಿಂದ. ಇದಕ್ಕೆ ನಮ್ಮ ಕಣ್ಣೆದುರೇ ನಲವತ್ತು ವರ್ಷಗಳ ದಾಖಲೆ ಇದೆ. ಅದನ್ನು ಬಿಟ್ಟು ಎಲ್ಲರೂ ಶೇಕಡಾವಾರು ಭವಿಷ್ಯದ ಹಿಂದೆ ಬಿದ್ದಿದ್ದಾರೆ.

ಆ ಶೇಕಡಾವಾರಿನ ಕಥೆಯನ್ನು ಮೊದಲು ಮುಗಿಸಿಬಿಡೋಣ. ‘ಭಾರತದ ಶೇ 69ರಷ್ಟು ಉದ್ಯೋಗಗಳು ಅಪಾಯದಲ್ಲಿ’ ಎಂಬ ವಿಶ್ವಬ್ಯಾಂಕ್‌ನ 2016ರ ಅಂಕಿ ಈಗಲೂ ಭಾಷಣಗಳಲ್ಲಿ ಓಡಾಡುತ್ತಿದೆ. ಅದರ ಬೇರು ಇರುವುದು 2013ರಲ್ಲಿ ಆಕ್ಸ್‌ಫರ್ಡ್‌ನ ಫ್ರೇ ಮತ್ತು ಆಸ್ಬಾರ್ನ್ ಎಂಬಿಬ್ಬರು ಅಮೆರಿಕಕ್ಕೆಂದು ಮಾಡಿದ ಲೆಕ್ಕದಲ್ಲಿ. ಅವರ ಪಟ್ಟಿಯಲ್ಲಿದ್ದ ವೃತ್ತಿಗಳು 702. ಅವುಗಳಲ್ಲಿ ‘ಇದನ್ನು ಯಂತ್ರ ಮಾಡಬಲ್ಲದು, ಇದನ್ನು ಮಾಡಲಾರದು’ ಎಂದು ತಜ್ಞರು ಕೂತು ಗುರುತು ಹಾಕಿದ್ದು ಕೇವಲ 70ಕ್ಕೆ. ಉಳಿದವನ್ನು ಆ ಎಪ್ಪತ್ತರ ಜಾಡಿನಲ್ಲಿ ಗಣಕದಿಂದ ಅಂದಾಜಿಸಲಾಯಿತು. ಅಮೆರಿಕಕ್ಕೆ ಬಂದ ಉತ್ತರ ಶೇ 47. ಮೂರು ವರ್ಷಗಳ ನಂತರ ಒಇಸಿಡಿ ಸಂಶೋಧಕರು ಇಡೀ ವೃತ್ತಿಯನ್ನು ನೋಡದೆ, ಅದರೊಳಗೆ ಜನ ನಿಜವಾಗಿ ಮಾಡುವ ಕೆಲಸಗಳನ್ನು ಬಿಡಿಬಿಡಿಯಾಗಿ ನೋಡಿದರು. ಅದೇ ಅಮೆರಿಕಕ್ಕೆ ಅವರಿಗೆ ಸಿಕ್ಕಿದ್ದು ಶೇ 9. ಒಂದೇ ದೇಶ, ಒಂದೇ ಪ್ರಶ್ನೆ, ಉತ್ತರದಲ್ಲಿ ಐದು ಪಟ್ಟು ಅಂತರ. ಇಂಥ ಅಂಕಿ ಹಿಡಿದು ಮಗಳನ್ನು ಯಾವ ಕೋರ್ಸಿಗೆ ಸೇರಿಸಬೇಕೆಂದು ಯಾರೂ ನಿರ್ಧರಿಸಲಾಗದು.

ಇನ್ನು ನಡೆದದ್ದನ್ನು ನೋಡೋಣ. ಬ್ಯಾಂಕ್ ಗುಮಾಸ್ತರ ಕಥೆ ಕರ್ನಾಟಕಕ್ಕೆ, ಅದರಲ್ಲೂ ನಾಲ್ಕು ದೊಡ್ಡ ಬ್ಯಾಂಕುಗಳನ್ನು ಹುಟ್ಟಿಸಿದ ಕರಾವಳಿಗೆ ಹೊಸದಲ್ಲ. ಗಣಕಯಂತ್ರದ ಬಗ್ಗೆ ಬ್ಯಾಂಕುಗಳಿಗೂ ನೌಕರರ ಸಂಘಗಳಿಗೂ ಒಪ್ಪಂದವಾದದ್ದು 1983ರಲ್ಲಿ. ಮರುವರ್ಷ ರಂಗರಾಜನ್ ಸಮಿತಿಯ ವರದಿ ಬಂತು. ಸಂಘಗಳ ಮುಖ್ಯ ಪಟ್ಟು ಒಂದೇ: ಇರುವವರನ್ನು ತೆಗೆಯಕೂಡದು. ಆ ಪಟ್ಟು ಗೆದ್ದಿತು. 2000–01ರ ಸ್ವಯಂ ನಿವೃತ್ತಿ ಯೋಜನೆಯಲ್ಲಿ ಸರ್ಕಾರಿ ಬ್ಯಾಂಕುಗಳಿಂದ ಒಂದು ಲಕ್ಷಕ್ಕೂ ಹೆಚ್ಚು ಮಂದಿ ಹೊರಬಂದರೂ ಅವರು ಹಣ ಪಡೆದು, ಅರ್ಜಿ ಹಾಕಿ ಬಂದವರು. ಬೀದಿಗೆ ಬಿದ್ದವರಿಲ್ಲ, ಹಾಗಾಗಿ ದೊಡ್ಡ ಸುದ್ದಿಯೂ ಆಗಲಿಲ್ಲ.

ಆದರೆ ಅದೇ ಹೊತ್ತಿಗೆ ಬ್ಯಾಂಕಿಂಗ್ ಸೇವಾ ನೇಮಕಾತಿ ಮಂಡಳಿಗಳನ್ನೇ ಮುಚ್ಚಲಾಯಿತು. ಗುಮಾಸ್ತರ ಹುದ್ದೆಗೆ ಎಲ್ಲ ಬ್ಯಾಂಕುಗಳೂ ಸೇರಿ ಐಬಿಪಿಎಸ್ ಮೂಲಕ ಸಾಮಾನ್ಯ ಪರೀಕ್ಷೆ ಶುರುಮಾಡಿದ್ದು 2011ರಲ್ಲಿ. ನಡುವಿನ ವರ್ಷಗಳಲ್ಲಿ ಬಿಕಾಂ ಮುಗಿಸಿದ ಹುಡುಗ ಹುಡುಗಿಯರನ್ನು ಕೇಳಿ ನೋಡಿ. ಅವರಿಗೆ ಯಾರೂ ಪಿಂಕ್ ಸ್ಲಿಪ್ ಕೊಡಲಿಲ್ಲ. ಅಪ್ಪನಿಗೆ ಸಿಕ್ಕಿದ್ದ ಕೆಲಸಕ್ಕೆ ಅರ್ಜಿ ಕರೆಯುವವರೇ ಅಪರೂಪವಾದರು, ಅಷ್ಟೇ. ಒಂದು ಕಾಲಕ್ಕೆ ಅಧಿಕಾರಿಗಳಿಗಿಂತ ಗುಮಾಸ್ತರೇ ಬಹಳ ಹೆಚ್ಚಿದ್ದ ಸರ್ಕಾರಿ ಬ್ಯಾಂಕುಗಳಲ್ಲಿ ಇವತ್ತು ಅಧಿಕಾರಿಗಳೇ ಹೆಚ್ಚು.

ಯಂತ್ರ ಕಿತ್ತುಕೊಂಡದ್ದಾದರೂ ಯಾವ ಕೆಲಸವನ್ನು? ಲೆಡ್ಜರ್ ಬ್ಯಾಲೆನ್ಸಿಂಗ್ ತೆಗೆದುಕೊಳ್ಳಿ. ಖಾತೆಗಳ ಬಾಕಿಯನ್ನೆಲ್ಲ ಕೂಡಿ ಜನರಲ್ ಲೆಡ್ಜರಿನ ಮೊತ್ತದೊಂದಿಗೆ ತಾಳೆ ನೋಡುವುದು. 90 ರೂಪಾಯಿ ವ್ಯತ್ಯಾಸ ಬಂತೆನ್ನಿ. ಅದು ಒಂಬತ್ತರಿಂದ ಭಾಗವಾಗುತ್ತದೆ, ಹಾಗಾದರೆ ಯಾರೋ 540ನ್ನು 450 ಎಂದು ಅಂಕಿ ತಿರುವಿ ಬರೆದಿರಬೇಕು ಎಂದು ಹಳಬರು ಥಟ್ಟನೆ ಹೇಳುತ್ತಿದ್ದರು. ಈ ಜಾಣ್ಮೆಗೆ ಶಾಖೆಯಲ್ಲಿ ದೊಡ್ಡ ಮರ್ಯಾದೆ ಇತ್ತು. ಕೋರ್ ಬ್ಯಾಂಕಿಂಗ್ ಬಂದ ದಿನ ಅದರ ಬೆಲೆ ಸೊನ್ನೆಯಾಯಿತು, ಏಕೆಂದರೆ ಅಂಕಿಯನ್ನು ಒಮ್ಮೆ ಹೊಡೆದರೆ ಅದೇ ಎಲ್ಲ ಪುಸ್ತಕಕ್ಕೂ ಹೋಗುತ್ತದೆ. ತಿರುವಿ ಬರೆಯಲು ಎರಡನೆಯ ಪುಸ್ತಕವೇ ಇಲ್ಲ.

ಬಡ್ಡಿಯದೂ ಇದೇ ಕಥೆ. ಉಳಿತಾಯ ಖಾತೆಗೆ ತಿಂಗಳ 10ನೇ ತಾರೀಕಿನಿಂದ ಕೊನೆಯವರೆಗಿನ ಕನಿಷ್ಠ ಬಾಕಿಯ ಮೇಲಷ್ಟೇ ಬಡ್ಡಿ ಕೊಡುವ ಪದ್ಧತಿ 2010ರ ಮಾರ್ಚ್‌ವರೆಗೂ ಇತ್ತು. ಏಪ್ರಿಲ್ ಇಡೀ ನಿಮ್ಮ ಖಾತೆಯಲ್ಲಿ 20,000 ರೂಪಾಯಿ ಇದ್ದು, 25ರಂದು 19,000 ತೆಗೆದು 27ಕ್ಕೆ ಮರಳಿ ಕಟ್ಟಿದ್ದೀರಿ ಎಂದುಕೊಳ್ಳಿ. ಆಗಿನ ಶೇ 3.5ರ ದರದಲ್ಲಿ ಆ ತಿಂಗಳ ಬಡ್ಡಿ ಸುಮಾರು 3 ರೂಪಾಯಿ. ಪ್ರತಿದಿನದ ಬಾಕಿಯ ಲೆಕ್ಕದಲ್ಲಾದರೆ ಸುಮಾರು 54. ಇಷ್ಟು ಅನ್ಯಾಯವನ್ನು ಅಷ್ಟು ವರ್ಷ ಸಹಿಸಿದ್ದು ಏಕೆಂದರೆ ಪ್ರತಿ ಖಾತೆಗೂ ಪ್ರತಿದಿನ ಲೆಕ್ಕ ಹಾಕುವಷ್ಟು ಕೈಗಳು ಶಾಖೆಯಲ್ಲಿರಲಿಲ್ಲ. ಗಣಕೀಕರಣ ಸಾಕಷ್ಟು ಆಗಿದೆ ಎಂದು ರಿಸರ್ವ್ ಬ್ಯಾಂಕ್ 2010ರ ಏಪ್ರಿಲ್‌ನಿಂದ ದಿನದ ಲೆಕ್ಕವನ್ನು ಜಾರಿಗೆ ತಂದಿತು. ಗುಮಾಸ್ತನ ಕೈಚಳಕ ಹೋಯಿತು, ಠೇವಣಿದಾರನಿಗೆ ಲಾಭವಾಯಿತು. ಯಂತ್ರವೆಂದರೆ ಬರೀ ನಷ್ಟ ಎನ್ನುವ ನಮ್ಮ ಅಂಕಣಕಾರ ಮಿತ್ರರು ಈ ಭಾಗವನ್ನು ಓದಿದಂತಿಲ್ಲ.

ಹಾಗಾದರೆ ತಾಳೆ ನೋಡುವ ಕೌಶಲವೇ ಸತ್ತಿತೇ? ಇಲ್ಲಿಯೇ ಬಹುತೇಕರು ಎಡವುವುದು. 2018ರ ಫೆಬ್ರುವರಿಯಲ್ಲಿ ಬಯಲಾದ ಪಂಜಾಬ್ ನ್ಯಾಷನಲ್ ಬ್ಯಾಂಕ್ ಹಗರಣವನ್ನು ವಜ್ರದ ವ್ಯಾಪಾರಿಗಳ ಕಥೆಯಾಗಿ ಓದಿ ಮರೆತಿದ್ದೇವೆ. ಅದನ್ನು ಗುಮಾಸ್ತನ ಕಣ್ಣಿನಿಂದ ಓದಬೇಕು. ಮುಂಬೈನ ಬ್ರೇಡಿ ಹೌಸ್ ಶಾಖೆಯಿಂದ ವಿದೇಶಿ ಶಾಖೆಗಳಿಗೆ ಸಾಲದ ಭರವಸೆ ಪತ್ರಗಳು ಹೋಗುತ್ತಿದ್ದವು. ಹೋಗುತ್ತಿದ್ದದ್ದು ಸ್ವಿಫ್ಟ್ ಎಂಬ ಸಂದೇಶ ವ್ಯವಸ್ಥೆಯ ಮೂಲಕ. ಅದಕ್ಕೂ ಬ್ಯಾಂಕಿನ ಕೋರ್ ಬ್ಯಾಂಕಿಂಗ್ ತಂತ್ರಾಂಶಕ್ಕೂ ಕೊಂಡಿ ಇರಲಿಲ್ಲ. ಸಂದೇಶ ಕಳಿಸಿ ಖಾತೆಯಲ್ಲಿ ನಮೂದಿಸದೆ ಬಿಟ್ಟರೆ ಬ್ಯಾಂಕಿನ ಪುಸ್ತಕ ಪ್ರತಿ ಸಂಜೆ ಒಂದು ಪೈಸೆಯೂ ತಪ್ಪದೆ ತಾಳೆಯಾಗುತ್ತಿತ್ತು. ಹಳೆಯ ಪತ್ರದ ಬಾಕಿಯನ್ನು ಹೊಸ ಪತ್ರದ ಹಣದಿಂದ ತೀರಿಸುತ್ತ ಇದು ವರ್ಷಗಟ್ಟಲೆ ನಡೆದು, ಮೊತ್ತ 13,000 ಕೋಟಿ ರೂಪಾಯಿ ದಾಟಿತು.

ಅದನ್ನು ಹಿಡಿದದ್ದು ತಂತ್ರಾಂಶವಲ್ಲ. ಆ ಪತ್ರಗಳನ್ನು ಕಳಿಸುತ್ತಿದ್ದ ಅಧಿಕಾರಿ ನಿವೃತ್ತರಾದ ಮೇಲೆ ಆ ವಜ್ರ ವ್ಯಾಪಾರಿಗಳ ಕಂಪನಿಗಳು ಮತ್ತೊಂದು ಪತ್ರ ಕೇಳಿ ಬಂದವು. ಪೂರ್ತಿ ನಗದು ಮಾರ್ಜಿನ್ ಇಡಿ ಎಂದು ಶಾಖೆ ಹೇಳಿತು. ಹಿಂದೆಲ್ಲ ಹಾಗೆ ಇಟ್ಟೇ ಇಲ್ಲವಲ್ಲ ಎಂದು ಅವರೆಂದರು. ಹಿಂದಿನ ಪತ್ರಗಳು ಎಲ್ಲಿ ಎಂದು ಹುಡುಕಿದರೆ ಬ್ಯಾಂಕಿನ ಪುಸ್ತಕದಲ್ಲಿ ಅವು ಇರಲೇ ಇಲ್ಲ.

ನನ್ನ ಅಳತೆಗೋಲು ಇಲ್ಲಿಂದ ಬಂದದ್ದು. ಯಾವುದೇ ಕೆಲಸದ ಬಗ್ಗೆ ಕೇಳಬೇಕಾದ ಪ್ರಶ್ನೆ ಒಂದು: ಅದರಲ್ಲಿ ತಪ್ಪಾದರೆ, ಆ ತಪ್ಪು ಎಲ್ಲಿ ಕಾಣುತ್ತದೆ? ಅದೇ ಪುಸ್ತಕದಲ್ಲಿ, ಅದೇ ಪರದೆಯಲ್ಲಿ, ಅದೇ ದಿನ ಕಾಣುವುದಾದರೆ ಯಂತ್ರ ಅದನ್ನು ತಿದ್ದಿಕೊಂಡು ಕಲಿಯುತ್ತದೆ, ಆ ಕೆಲಸ ಸೊರಗುತ್ತದೆ. ತಪ್ಪು ಪುಸ್ತಕದ ಹೊರಗೆ, ತಿಂಗಳುಗಳ ನಂತರ, ಯಾರದೋ ಗೋದಾಮಿನಲ್ಲೋ ಹೊಲದಲ್ಲೋ ಕಾಣುವುದಾದರೆ, ಮತ್ತು ಆಗ ಯಾರೋ ಒಬ್ಬರ ಸಹಿ ಅದಕ್ಕೆ ಉತ್ತರ ಕೊಡಬೇಕಾದರೆ, ಅಲ್ಲಿ ಮನುಷ್ಯ ಉಳಿಯುತ್ತಾನೆ. ಲೆಡ್ಜರ್ ಕೂಡುವುದು ಮೊದಲನೆಯದು. ಗೋದಾಮಿನಲ್ಲಿದೆ ಎಂದು ಬರೆದ ಸರಕು ನಿಜಕ್ಕೂ ಇದೆಯೇ ಎಂದು ನೋಡಿ ಸಾಲ ಮಂಜೂರು ಮಾಡುವುದು ಎರಡನೆಯದು.

ಊರಿನ ಜಿಎಸ್‌ಟಿ ಕಚೇರಿಗೂ ಇದನ್ನು ಹಿಡಿದು ನೋಡಿ. ನಾನು ಹೇಳುತ್ತಿರುವುದು ಇಲಾಖೆಯದಲ್ಲ, ತೆರಿಗೆ ಸಲಹೆಗಾರರು ನಡೆಸುವ ಎರಡು ಕೋಣೆಯ ಕಚೇರಿ. ಅಂಗಡಿಯವರು ತಂದ ಖರೀದಿ ಬಿಲ್ಲುಗಳನ್ನು ಜಿಎಸ್‌ಟಿಆರ್-2ಬಿ ಪಟ್ಟಿಯೊಂದಿಗೆ ಒಂದೊಂದಾಗಿ ಹೋಲಿಸಲು ಅಲ್ಲಿ ಒಬ್ಬ ಹುಡುಗನನ್ನು ಇಟ್ಟುಕೊಂಡಿರುತ್ತಿದ್ದರು. ಆ ಹೋಲಿಕೆಯನ್ನು ತಂತ್ರಾಂಶ ನಿಮಿಷಗಳಲ್ಲಿ ಮುಗಿಸುತ್ತದೆ. ಉಳಿಯುವುದು ಹೊಂದದೆ ಹೋದ ಬಿಲ್ಲುಗಳು. ಮಾರಿದವನು ಬಿಲ್ಲನ್ನು ಏರಿಸಿಲ್ಲವೇ, ನಂಬರು ತಪ್ಪಿದನೇ, ಅಥವಾ ಸರಕೇ ಬಾರದ ಬರೀ ಕಾಗದದ ಬಿಲ್ಲೇ? ಇದು ತಿಳಿಯಬೇಕಾದರೆ ಫೋನ್ ಮಾಡಬೇಕು, ಲಾರಿ ಬಂದದ್ದನ್ನು ಕಂಡವರನ್ನು ಕೇಳಬೇಕು, ಕ್ರೆಡಿಟ್ ಪಡೆಯಬಹುದೋ ಬೇಡವೋ ಎಂದು ಧೈರ್ಯವಾಗಿ ಹೇಳಬೇಕು. ನಾಳೆ ನೋಟಿಸ್ ಬಂದರೆ ಉತ್ತರಿಸಬೇಕಾದವರು ತಂತ್ರಾಂಶ ಮಾರಿದವರಲ್ಲ.

ತೊಡಕಿರುವುದು ಮುಂದಿನ ಮಾತಿನಲ್ಲಿ. ಅನುಮಾನ ಪಡುವ ಆ ಕಣ್ಣು ಬರುವುದು ಎಲ್ಲಿಂದ? ನೂರಾರು ಸರಿಯಾದ ಬಿಲ್ಲು ನೋಡಿದವನಿಗೇ ಕಳ್ಳ ಬಿಲ್ಲಿನ ವಾಸನೆ ಹತ್ತುವುದು. ಲೆಡ್ಜರ್ ಬರೆದ ಗುಮಾಸ್ತರೇ ಸಿಎಐಐಬಿ ಪಾಸು ಮಾಡಿ ಅಧಿಕಾರಿಗಳಾದರು. ಕೆಳಗಿನ ಮೆಟ್ಟಿಲನ್ನು ತೆಗೆದರೆ ಮೇಲಿನ ಮೆಟ್ಟಿಲಿಗೆ ಯಾರು ಬರುತ್ತಾರೆ ಎಂಬ ಚಿಂತೆ ಬ್ಯಾಂಕುಗಳಿಗೆ ಹತ್ತಿದ್ದು ತಡವಾಗಿ. 1970–80ರ ದಶಕದಲ್ಲಿ ಸೇರಿದವರೆಲ್ಲ ಒಟ್ಟಿಗೆ ನಿವೃತ್ತರಾಗುವ ದಿನ ಹತ್ತಿರ ಬಂದಾಗ, 2010ರಲ್ಲಿ, ಖಂಡೇಲ್‌ವಾಲ್ ಸಮಿತಿ ಅದನ್ನು ಬರೆದು ತೋರಿಸಬೇಕಾಯಿತು.

ಇದೇ ಕಥೆ ಈಗ ಐಟಿಯಲ್ಲಿ ಶುರುವಾಗಿದೆ. 2025ರ ಜುಲೈನಲ್ಲಿ ಟಿಸಿಎಸ್ ಸುಮಾರು 12,000 ಜನರನ್ನು ಕೈಬಿಡುವುದಾಗಿ ಹೇಳಿದಾಗ ಇಡೀ ದೇಶ ಬೆಚ್ಚಿತು. ಆದರೆ 2023–24ರ ಒಂದೇ ಹಣಕಾಸು ವರ್ಷದಲ್ಲಿ ಟಿಸಿಎಸ್, ಇನ್ಫೊಸಿಸ್, ವಿಪ್ರೊ ಮೂರರಲ್ಲೂ ಸೇರಿ ನೌಕರರ ಸಂಖ್ಯೆ ಸುಮಾರು 64,000ದಷ್ಟು ಇಳಿದಿತ್ತು. ಬಿಟ್ಟು ಹೋದವರ ಜಾಗಕ್ಕೆ ಅಷ್ಟು ಮಂದಿಯನ್ನು ತುಂಬಿರಲಿಲ್ಲ. ಅದಕ್ಕೆ ಮುಖ್ಯ ಕಾರಣ ಎಐ ಅಲ್ಲ, ವಿದೇಶಿ ಗ್ರಾಹಕರು ಕೈ ಬಿಗಿಹಿಡಿದದ್ದು, ನಿಜ. ಆದರೂ ಐದು ಪಟ್ಟು ದೊಡ್ಡ ಅಂಕಿಗೆ ನಮ್ಮ ಚರ್ಚೆಯಲ್ಲಿ ಜಾಗವೇ ಸಿಗಲಿಲ್ಲ ಎಂಬುದೂ ಅಷ್ಟೇ ನಿಜ. ಅಮೆರಿಕದಲ್ಲಿ ಸ್ಟ್ಯಾನ್‌ಫರ್ಡ್ ಸಂಶೋಧಕರು 2025ರಲ್ಲಿ ಎಡಿಪಿ ಸಂಸ್ಥೆಯ ಸಂಬಳದ ದಾಖಲೆಗಳನ್ನು ಜಾಲಾಡಿ ಕಂಡದ್ದೂ ಹೊಸಬರಿಗೆ ಬೀಳುವ ಈ ಏಟನ್ನೇ. ಎಐ ಹೆಚ್ಚು ತಟ್ಟಬಲ್ಲ ವೃತ್ತಿಗಳಲ್ಲಿ 22ರಿಂದ 25ರ ವಯಸ್ಸಿನವರ ಉದ್ಯೋಗ, ಉಳಿದವರಿಗೆ ಹೋಲಿಸಿದರೆ, ಶೇ 13ರಷ್ಟು ಕುಸಿದಿದೆ. ಅದೇ ವೃತ್ತಿಯ ಹಿರಿಯರಿಗೆ ಅಂಥ ಏಟು ಬಿದ್ದಿಲ್ಲ.

ಆದ್ದರಿಂದ ಸಮೀಕ್ಷೆಯ ನಮೂನೆಯನ್ನು ಬದಲಿಸಿ. ಕಳೆದ ಐದು ವರ್ಷಗಳಲ್ಲಿ ಪ್ರತಿ ವರ್ಷ ಎಷ್ಟು ಹೊಸಬರನ್ನು ತೆಗೆದುಕೊಂಡಿರಿ, ಯಾವ ಕೆಲಸಕ್ಕೆ, ಬೆಂಗಳೂರಿನಾಚೆಯ ಕಾಲೇಜುಗಳಿಂದ ಎಷ್ಟು ಮಂದಿ ಎಂದು ಕೇಳಿ. ಯಂತ್ರ ಬರೆದುಕೊಟ್ಟದ್ದನ್ನು ಪರಿಶೀಲಿಸಿ ಸಹಿ ಹಾಕುವವರು ಯಾರು, ಅವರಿಗೆ ಎಷ್ಟು ವರ್ಷದ ಅನುಭವ ಎಂದೂ ಕೇಳಿ. ಎರಡನೆಯ ಪ್ರಶ್ನೆಗೆ ‘ಹತ್ತು ವರ್ಷ ದಾಟಿದವರು’ ಎಂಬ ಉತ್ತರ ಬಂದು, ಮೊದಲನೆಯದರಲ್ಲಿ ಅಂಕಿ ವರ್ಷದಿಂದ ವರ್ಷಕ್ಕೆ ಇಳಿದಿದ್ದರೆ, ಅಪ್ರೆಂಟಿಸ್ ಭತ್ಯೆಗೆ ಸರ್ಕಾರ ಕೊಡುವ ಹಣವನ್ನು ಹೊಸಬರನ್ನು ಆ ಪರಿಶೀಲನೆಯ ಮೇಜಿನ ಪಕ್ಕದಲ್ಲಿ ಕೂರಿಸುವ ಕಂಪನಿಗಳಿಗೆ ಮಾತ್ರ ಕೊಡಬೇಕು. ಮೂರು ತಿಂಗಳ ಎಐ ಸರ್ಟಿಫಿಕೇಟ್ ಕೋರ್ಸುಗಳಿಗೆ ಅದೇ ಹಣ ಸುರಿಯುವುದಾದರೆ ಸಮೀಕ್ಷೆಯ ಖರ್ಚಾದರೂ ಉಳಿಸಿಕೊಳ್ಳಲಿ.