ಹುಳಿ ಮೊಸರಿನ ದೂರುಪತ್ರ

ಹಾಸ್ಟೆಲಿನ ವಾರ್ಡನ್ನರಿಗೆ ‘ಮೊಸರು ದಿನವೂ ಹುಳಿ, ಕ್ರಮ ಕೈಗೊಳ್ಳಿ’ ಎಂದಷ್ಟೇ ಬರೆದರೆ ಬೈಗುಳ ಬೀಳುವುದು ಅಡುಗೆಯವರಿಗೆ. ಮೊಸರು ಹುಳಿಯಾಗಿಯೇ ಉಳಿಯುತ್ತದೆ. ದೂರುಪತ್ರವು ಕಾರಣವನ್ನೂ ಹೇಳಬೇಕೆಂಬುದು ನನ್ನ ಅಭಿಪ್ರಾಯ.

ನನ್ನ ಶಿಷ್ಯನೊಬ್ಬನ ಮಗ, ತನ್ನ ಹಾಸ್ಟೆಲಿನ ವಿದ್ಯಾರ್ಥಿ ಸಮಿತಿ ಬರೆದ ಇಂಥದೇ ಪತ್ರವನ್ನು ತಿದ್ದಿಕೊಡಲು ಕಳುಹಿಸಿದ್ದ. ಅದರಲ್ಲಿ ಕೋಪವಿತ್ತು, ವಿವರವಿರಲಿಲ್ಲ. ಒಂದು ವಾರ ಅಡುಗೆಮನೆಯನ್ನು ಗಮನಿಸಿ ಬರೆಯಿರಿ ಎಂದೆ.

ತಿಳಿದದ್ದಿಷ್ಟು: ಮಧ್ಯಾಹ್ನ 12ಕ್ಕೆ ಹೆಪ್ಪು ಹಾಕಿದ ಹಾಲು ಬೇಸಿಗೆಯ ಸೆಕೆಗೆ ಸಂಜೆ 6ರೊಳಗೆ ಗಟ್ಟಿಯಾಗುತ್ತಿತ್ತು. ಬಡಿಸುತ್ತಿದ್ದುದು ಮರುದಿನ ಮಧ್ಯಾಹ್ನ 1ಕ್ಕೆ. ನಡುವಿನ 19 ಗಂಟೆಗಳ ಕಾಲ ಪಾತ್ರೆ ಒಲೆಯ ಸಮೀಪದಲ್ಲೇ ಇರುತ್ತಿತ್ತು. ಮೊಸರು ಗಟ್ಟಿಯಾದ ಮೇಲೂ ಅದರೊಳಗಿನ ಸೂಕ್ಷ್ಮಜೀವಿಗಳು ಹಾಲಿನ ಸಕ್ಕರೆಯನ್ನು ಆಮ್ಲವಾಗಿಸುತ್ತಲೇ ಇರುತ್ತವೆ. ಸೆಕೆ ಹೆಚ್ಚಿದಷ್ಟೂ ಬೇಗ. ಸಾಲದ್ದಕ್ಕೆ, ಉಳಿದ ಹುಳಿ ಮೊಸರೇ ಮರುದಿನದ ಹೆಪ್ಪು.

ಹೊಸ ಪತ್ರದಲ್ಲಿ ಸಮಿತಿ ಮೂರನ್ನೇ ಕೇಳಿತು. ರಾತ್ರಿ 10ಕ್ಕೆ, ಹಾಲು ಉಗುರುಬೆಚ್ಚಗಿರುವಾಗ ಹೆಪ್ಪು ಹಾಕಬೇಕು. ಹೆಪ್ಪಿಗೆ ಸಿಹಿ ಮೊಸರನ್ನು ಮೊದಲೇ ತೆಗೆದಿಡಬೇಕು. ಬೆಳಗ್ಗೆ ಗಟ್ಟಿಯಾದೊಡನೆ ಫ್ರಿಜ್ಜಿಗೆ ಸೇರಿಸಬೇಕು. ಮೊದಲಿನೆರಡಕ್ಕೆ ಖರ್ಚಿಲ್ಲ; ಮೂರನೆಯದಕ್ಕೆ ಫ್ರಿಜ್ಜಿನಲ್ಲಿ ಜಾಗ ಮಾಡಿಸುವ ಅಧಿಕಾರವಿರುವುದು ವಾರ್ಡನ್ನರಿಗೆ ಮಾತ್ರ.

ಆ ಪತ್ರದಲ್ಲಿ ಅಡುಗೆಯವರ ಹೆಸರೇ ಇರಲಿಲ್ಲ. ವೇಳೆ ಗೊತ್ತುಪಡಿಸಿದವರು ಅವರಲ್ಲ. ಮಧ್ಯಾಹ್ನವೇ ಹೆಪ್ಪು ಹಾಕಿಸುತ್ತಿದ್ದುದು ಮೆಸ್ಸಿನ ವೇಳಾಪಟ್ಟಿ. ಬಡವರೊಬ್ಬರ ಕೆಲಸಕ್ಕೆ ಕುತ್ತು ತಾರದೆ ಮೊಸರನ್ನು ಸರಿಪಡಿಸುವ ಪತ್ರವೇ ಒಳ್ಳೆಯ ದೂರುಪತ್ರ.